ಅರಬ್ಬಿ ಲ್ಯಾಬ್ ವರದಿಯ ಕೆಂಪು ಸಾಲು

"ಅಣ್ಣಾ, ನಾವು ರಿಯಾದಿಗೆ ಹೊಸಬರು, ಹೆಂಡತಿಗೆ ಈಗ ಐದು ತಿಂಗಳು. ಕ್ಲಿನಿಕ್‌ನ ಪೋರ್ಟಲ್‌ನಲ್ಲಿ ರಕ್ತಪರೀಕ್ಷೆಯ ವರದಿ ಬಂದಿದೆ, ಎಲ್ಲವೂ ಅರಬ್ಬಿಯಲ್ಲಿದೆ. ಹಿಮೋಗ್ಲೋಬಿನ್ ಸಾಲು ಕೆಂಪಾಗಿದೆ, ಶುಗರ್ ಎದುರು 0.1 ಎಂದಿದ್ದಂತೆ ಕಾಣುತ್ತದೆ, ಫೋನಿನ ಅನುವಾದ 'ಕಬ್ಬಿಣದ ದಾಸ್ತಾನು ಕಡಿಮೆ' ಎನ್ನುತ್ತದೆ. ಇದನ್ನು ಓದುವುದು ಹೇಗೆ? ಚಿತ್ರ ಕಳಿಸಿದ್ದೇನೆ."

ಶುಗರ್ ಸಾಲಿನಲ್ಲಿರುವುದು 5.1. ಅರಬ್ಬಿಯ ٥ ನಮ್ಮ ಸೊನ್ನೆಯಂತೆಯೇ ದುಂಡಗಿರುತ್ತದೆ; ಅವರ ಸೊನ್ನೆ ٠ ಎಂಬ ಬರೀ ಚುಕ್ಕೆ. ದಶಾಂಶಕ್ಕೆ ಚುಕ್ಕೆಯ ಬದಲು ٫ ಎಂಬ ಅಲ್ಪವಿರಾಮದಂಥ ಗುರುತು ಬರುತ್ತದೆ. ಫೋಟೋ ತೆಗೆದು ಅನುವಾದ ಮಾಡಿಸುವಾಗ ಈ ಪುಟ್ಟ ಗುರುತು ತಪ್ಪಿಹೋದರೆ ٥٫١ ಎಂಬುದು 51 ಆಗಿಬಿಡಬಹುದು. ಆದ್ದರಿಂದ ಅಂಕಿಗಳನ್ನು ಅನುವಾದಕ್ಕೆ ಬಿಡದೆ ನೀವೇ ಓದಿ.

ಪ್ರತಿ ಸಾಲಿನಲ್ಲೂ ಪರೀಕ್ಷೆಯ ಹೆಸರು, ಫಲಿತಾಂಶ, ಏಕಮಾನ, ಮತ್ತು المعدل الطبيعي ಎಂಬ ಶೀರ್ಷಿಕೆಯ ಕೆಳಗೆ ನಾರ್ಮಲ್ ರೇಂಜ್ ಇರುತ್ತವೆ. ಪುಟ ಬಲದಿಂದ ಎಡಕ್ಕೆ ಸಾಗುವುದರಿಂದ ರೇಂಜ್ 16.0 - 12.0 ಎಂದು ತಿರುಗಿ ಕಾಣಬಹುದು. ಅಂಕಿಗಳಲ್ಲಿ ಚಿಕ್ಕದೇ ಕೆಳಮಿತಿ ಎಂದುಕೊಂಡರೆ ಸಾಕು. ಒಂದೇ ಅಂಕಿಯ ಜೊತೆಗೆ < ಅಥವಾ > ಇದ್ದಾಗ ಆ ಗುರುತಿನ ಅಗಲ ಬಾಯಿ ಅಂಕಿಯ ಕಡೆಗಿದ್ದರೆ ಫಲಿತಾಂಶ ಅದಕ್ಕಿಂತ ಕಡಿಮೆಯಿರಬೇಕೆಂದು ಅರ್ಥ. مرتفع ಎಂದರೆ ಹೆಚ್ಚು, منخفض ಎಂದರೆ ಕಡಿಮೆ. ಕೆಲವು ಕಡೆ ಇವುಗಳ ಬದಲು H ಮತ್ತು L ಇರುತ್ತವೆ.

ಈ ಗುರುತು ಹಾಕುವುದು ವೈದ್ಯರಲ್ಲ. ಫಲಿತಾಂಶವನ್ನು ಪಕ್ಕದ ರೇಂಜ್‌ನೊಂದಿಗೆ ಹೋಲಿಸಿ ಯಂತ್ರವೇ ಹಾಕುತ್ತದೆ. ಸಾಮಾನ್ಯವಾಗಿ ಈ ಮಿತಿಗಳನ್ನು ಆರೋಗ್ಯವಂತರಲ್ಲಿ ಶೇ. 95 ಮಂದಿ ಒಳಗೆ ಬರುವಂತೆ ಗೊತ್ತುಮಾಡಿರುತ್ತಾರೆ. ಅಂದರೆ ಏನೂ ತೊಂದರೆಯಿಲ್ಲದ ಇಪ್ಪತ್ತು ಜನರಲ್ಲಿ ಒಬ್ಬರ ಸಾಲು ಕೆಂಪಾಗುವುದು ಸಹಜ. ನಿಮ್ಮ ವಿಷಯದಲ್ಲಿ ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ನೀವು ಕಳಿಸಿದ ಪುಟದ ರೇಂಜ್ ಗರ್ಭಿಣಿಯರದ್ದಲ್ಲ, ಸಾಮಾನ್ಯ ವಯಸ್ಕ ಹೆಂಗಸರದ್ದು.

ಹಿಮೋಗ್ಲೋಬಿನ್ 10.8, ಕೆಳಮಿತಿ 12.0, ಹಾಗಾಗಿ ಕೆಂಪು. ಗರ್ಭಿಣಿಯರಲ್ಲಿ ರಕ್ತದ ದ್ರವಭಾಗ ಹೆಚ್ಚಿ ಹಿಮೋಗ್ಲೋಬಿನ್ ತೆಳುವಾಗುವುದರಿಂದ, ವಿಶ್ವ ಆರೋಗ್ಯ ಸಂಸ್ಥೆ ನಡುವಿನ ಮೂರು ತಿಂಗಳಲ್ಲಿ 10.5ಕ್ಕಿಂತ ಕೆಳಗಿಳಿದಾಗ ಮಾತ್ರ ರಕ್ತಹೀನತೆ ಎನ್ನುತ್ತದೆ. ಆ ಲೆಕ್ಕದಲ್ಲಿ ಈ ಕೆಂಪು ಗುರುತಿನಿಂದ ಗಾಬರಿಯಾಗಬೇಕಿಲ್ಲ.

ಗುರುತೇ ಇಲ್ಲದ ಶುಗರ್ ಸಾಲನ್ನು ಮಾತ್ರ ವೈದ್ಯರಿಗೆ ತೋರಿಸಲೇಬೇಕು. ಇದು ಮಿಲಿಮೋಲ್ ಲೆಕ್ಕ. ಊರಿನ ಮಿಲಿಗ್ರಾಂ ಲೆಕ್ಕಕ್ಕೆ ತರಲು 18ರಿಂದ ಗುಣಿಸಬೇಕು, ಸುಮಾರು 92 ಬರುತ್ತದೆ. ಪುಟದ ರೇಂಜ್ 3.9ರಿಂದ 5.6 ಇರುವುದರಿಂದ ಯಂತ್ರಕ್ಕೆ ಇದು ನಾರ್ಮಲ್. ಆದರೆ ಗರ್ಭಿಣಿಯರ ಮಧುಮೇಹಕ್ಕೆ ವ್ಯಾಪಕವಾಗಿ ಬಳಸುವ ಅಳತೆಯಲ್ಲಿ ಖಾಲಿ ಹೊಟ್ಟೆಯ 5.1 ಎಂಬುದೇ ಗಡಿ. ಸಾಲಿನಲ್ಲಿ صائم ಎಂದಿದೆ, ಅಂದರೆ ಖಾಲಿ ಹೊಟ್ಟೆಯ ಪರೀಕ್ಷೆಯೆಂದು ದಾಖಲಾಗಿದೆ. ಅಂದು ಬೆಳಿಗ್ಗೆ ಅವರು ನಿಜವಾಗಿಯೂ ಏನೂ ತಿಂದಿರಲಿಲ್ಲವೇ ಎಂದು ಮೊದಲು ಕೇಳಿಕೊಳ್ಳಿ. ಮಧುಮೇಹ ಇದೆಯೇ ಇಲ್ಲವೇ ಎಂಬುದನ್ನು ನೀವಾಗಲಿ ನಾನಾಗಲಿ ತೀರ್ಮಾನಿಸುವಂತಿಲ್ಲ. ವೈದ್ಯರು ಸಾಮಾನ್ಯವಾಗಿ 24ರಿಂದ 28ನೇ ವಾರದೊಳಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ ನೋಡುತ್ತಾರೆ. ಈ ಅಂಕಿಯನ್ನು ಕಂಡರೆ ಬೇಗ ಮಾಡಿಸಲೂಬಹುದು.

'ಕಬ್ಬಿಣದ ದಾಸ್ತಾನು' ಎಂಬ ಅನುವಾದ ನಗು ತರಿಸಿದರೂ ತಪ್ಪಲ್ಲ. مخزون الحديد ಎಂದರೆ ಫೆರಿಟಿನ್, ದೇಹ ಕೂಡಿಟ್ಟ ಕಬ್ಬಿಣದ ಅಳತೆ. ಬರೀ الحديد ಎಂದಿದ್ದರೆ ಅದು ರಕ್ತದಲ್ಲಿ ಆ ಹೊತ್ತಿಗೆ ಓಡಾಡುತ್ತಿರುವ ಕಬ್ಬಿಣ, ಬೇರೆಯೇ ಪರೀಕ್ಷೆ. ಅನುವಾದ ಎರಡನ್ನೂ 'ಕಬ್ಬಿಣ' ಎಂದರೆ ನೀವು ವೈದ್ಯರಿಗೆ ತಪ್ಪು ಹೆಸರು ಹೇಳಿಬಿಡುತ್ತೀರಿ. ಫೆರಿಟಿನ್ ಕನಿಷ್ಠ 15 ಇರಬೇಕಾದ ಕಡೆ ನಿಮ್ಮವರಿಗೆ 11 ಇದೆ, ಹಿಮೋಗ್ಲೋಬಿನ್ ಇನ್ನೂ ಗರ್ಭಿಣಿಯರ ಗಡಿಗಿಂತ ಮೇಲಿದೆ: ಕಬ್ಬಿಣದ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಲು ಇದು ಸರಿಯಾದ ಸಮಯ. ಸೋಂಕು ಪರೀಕ್ಷೆಗಳ ಸಾಲಿನಲ್ಲಿ سلبي ಎಂಬುದನ್ನು ಫೋನು 'ನಕಾರಾತ್ಮಕ' ಎಂದು ತೋರಿಸಿದರೆ ಹೆದರಬೇಡಿ, ನೆಗೆಟಿವ್ ಎಂದಷ್ಟೇ ಅದರ ಅರ್ಥ.

ಪೋರ್ಟಲ್‌ನಲ್ಲಿ ಇಂಗ್ಲಿಷ್ ಆಯ್ಕೆಯಿದ್ದರೆ ಪುಟವನ್ನು ಬದಲಿಸಿ, ಎರಡನ್ನೂ ಉಳಿಸಿಕೊಳ್ಳಿ. ಕೆಳಗಿನ ಟಿಪ್ಪಣಿಗಳು ಕೆಲವೊಮ್ಮೆ ಅರಬ್ಬಿ ಪುಟದಲ್ಲಿ ಮಾತ್ರ ಇರುತ್ತವೆ. ವೈದ್ಯರ ಬಳಿ ಹೋಗುವಾಗ ಅನುವಾದದ ಬದಲು ಮೂಲ ಪುಟವನ್ನೇ ಮುಂದಿಟ್ಟು, ಎಷ್ಟನೇ ವಾರವೆಂದು ಹೇಳಿ, ಗರ್ಭಿಣಿಯರ ಮಿತಿಯಲ್ಲಿ ಇವು ಹೇಗಿವೆ ಎಂದು ಕೇಳಿ. ಮುಂದೆ ಯಾವತ್ತಾದರೂ حرج ಎಂಬ ಗುರುತು ಕಂಡರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಕೂಡಲೇ ಕ್ಲಿನಿಕ್‌ಗೆ ಫೋನ್ ಮಾಡಿ, ಅವರು ಸಿಗದಿದ್ದರೆ ಆರೋಗ್ಯ ಸಚಿವಾಲಯದ 937ಕ್ಕೆ ಮಾಡಿ.