ಡಾಕ್ಟರ್ ಗೀಚಿದ್ದನ್ನು ಕಾಲಂಗೆ ಹಾಕುವುದು

ಪ್ರಶ್ನೆ: ವಿಜಯಪುರದ ಚರ್ಮರೋಗ ಕ್ಲಿನಿಕ್‌ನಲ್ಲಿ ಎಂಟ್ರಿ ಮಾಡ್ತೀನಿ. "ಸೊಂಟಕ್ಕೆ ರೂಪಾಯಿಯಷ್ಟು ಕೆಂಪು ಉಂಗುರ, 3, ಎರಡೂ ಕಡೆ" ಅಂತ ಡಾಕ್ಟರ್ ಬರೆದಿದ್ದಾರೆ. ಯಾವುದು ಯಾವ ಕಾಲಂಗೆ?

ಉತ್ತರ: ಜಾಗ ಸೊಂಟ, ಬಣ್ಣ ಕೆಂಪು, ಹರಡಿಕೆ ಎರಡೂ ಬದಿ, ಒಟ್ಟು 3. ಇಷ್ಟು ಸುಲಭ. ಗಾತ್ರಕ್ಕೆ ಮಾತ್ರ "ರೂಪಾಯಿ" ಸಾಲದು. ಹಳೆಯ ನಾಣ್ಯ 25 ಮಿ.ಮೀ., 2011ರಲ್ಲಿ ಬಂದದ್ದು ಸುಮಾರು 22. ಸ್ಕೇಲ್ ಇಟ್ಟು ಅಳೆದು ಕೊಡಿ ಅಂತ ಡಾಕ್ಟರನ್ನೇ ಕೇಳಿ.

ಜಾಸ್ತಿ ಎಡವುವುದು ಉಂಗುರದಲ್ಲೇ. ಒಂದೊಂದು ಮಚ್ಚೆಯೂ ಅಂಚು ಉಬ್ಬಿ, ನಡು ತಿಳಿಯಾಗಿ ಉಂಗುರದಂತಿದ್ದರೆ ಅದು ಆಕಾರ. ಸಣ್ಣ ಗುಳ್ಳೆಗಳು ಸಾಲಾಗಿ ಸುತ್ತುವರಿದು ಉಂಗುರವಾಗಿದ್ದರೆ ಅದು ಜೋಡಣೆ. ಇಲ್ಲಿ "3, ಎರಡೂ ಕಡೆ" ಇದೆಯಲ್ವಾ, ಹಾಗಾಗಿ ಆಕಾರವೇ ಇರಬೇಕು. ಆದರೂ ಕೇಳಿ ಖಚಿತ ಮಾಡಿಕೊಳ್ಳಿ. "ಗಜಕರ್ಣ" ಅಂತ ನೀವಾಗಿಯೇ ಬರೆಯಬೇಡಿ, ಅದು ರೋಗದ ಹೆಸರು.