ಏಲಕ್ಕಿ ಎಲೆಯಲ್ಲಿ ಬಿಳಿಚಿದ ಗೀರು: ಕಟ್ಟೆ ರೋಗವೋ, ಪೋಷಕಾಂಶದ ಕೊರತೆಯೋ?

"ಪಿರಿಯಾಪಟ್ಟಣದ ಹತ್ತಿರ ಅಡಿಕೆ ತೋಟದ ನೆರಳಲ್ಲಿ ಏಲಕ್ಕಿ ಹಾಕಿದ್ದೇನೆ. ಕೆಲವು ಬುಡಗಳಲ್ಲಿ ಎಲೆ ಮೇಲೆ ಬಿಳಿಚಿದ ಗೀರು, ಗಿಡ ಮೇಲೇಳ್ತಾ ಇಲ್ಲ. ಗೊಬ್ಬರ ಕಮ್ಮಿ ಆಗಿದ್ಯಾ, ವೈರಸ್ಸಾ?"

ಗೊಬ್ಬರ ಹಾಕುವ ಮೊದಲು ಪ್ರತಿ ಕಂದಿನ ತುದಿಯ ಎಳೆ ಎಲೆಯನ್ನು ಬೆಳಕಿಗೆ ಹಿಡಿದು ನೋಡಿ. ವೈರಸ್‌ನಿಂದ ಬರುವ ಕಟ್ಟೆ ರೋಗ ಮೊದಲು ಕಾಣಿಸುವುದು ಅಲ್ಲೇ. ಶುರುವಿನಲ್ಲಿ 2ರಿಂದ 5 ಮಿಲಿಮೀಟರ್ ಉದ್ದದ ಸಣ್ಣ ಗೀರುಗಳು. ಆಮೇಲೆ ನಡುನರದಿಂದ ಅಂಚಿನವರೆಗೆ ತಿಳಿಹಸಿರು ಪಟ್ಟೆಗಳು. ಈ ಪಟ್ಟೆ ಒಂದೇ ಸಮನೆ ಇರುವುದಿಲ್ಲ, ತುಂಡು ತುಂಡಾಗಿರುತ್ತದೆ, ಒಂದು ಉದ್ದ, ಒಂದು ಗಿಡ್ಡ. ಕಂದನ್ನು ಸುತ್ತಿಕೊಂಡಿರುವ ಎಲೆಯ ಹೊದಿಕೆಯ ಮೇಲೂ ಅದೇ ಮಚ್ಚೆ ಕಂಡರೆ ಬಹುತೇಕ ಕಟ್ಟೆಯೇ.

ಸತು ಅಥವಾ ಕಬ್ಬಿಣದ ಕೊರತೆಯಲ್ಲೂ ಎಳೆ ಎಲೆಯೇ ಬಿಳಿಚುತ್ತದೆ, ಗೊಂದಲ ಆಗುವುದು ಇದರಿಂದಲೇ. ಆದರೆ ಅಲ್ಲಿ ನರ ಹಸಿರಾಗಿ ಉಳಿದು, ನರಗಳ ನಡುವಿನ ಜಾಗ ಉದ್ದಕ್ಕೂ ಒಂದೇ ಸಮನೆ ಬಿಳಿಚಿರುತ್ತದೆ. ಸಾರಜನಕ, ಮೆಗ್ನೀಷಿಯಂ ಕಮ್ಮಿಯಾದರೆ ಕೆಳಗಿನ ಹಳೆ ಎಲೆ ಮೊದಲು ಹಳದಿಯಾಗುತ್ತದೆ.

ಇನ್ನೊಂದು ಸುಳಿವು, ರೋಗ ತೋಟದಲ್ಲಿ ಎಲ್ಲೆಲ್ಲಿದೆ ಅನ್ನುವುದು. ನಮ್ಮ ಪಕ್ಕದ ತೋಟದಲ್ಲಿ ಸುಣ್ಣದಂಶ ಜಾಸ್ತಿ ಇರುವ ಬೋರ್‌ವೆಲ್ ನೀರು ಹೋಗುವ ಸಾಲಿನಲ್ಲಿ ಎಲ್ಲಾ ಬುಡವೂ, ಎಲ್ಲಾ ಕಂದೂ ಒಂದೇ ರೀತಿ ಬಿಳಿಚಿದ್ದವು. ಕಟ್ಟೆ ಅಂತ ಎಲ್ಲವನ್ನೂ ಕೀಳಲು ಹೊರಟಿದ್ದರು. ನಾನು ತಡೆದೆ. ಒಂದೆರಡು ಬುಡಕ್ಕೆ ಮಾತ್ರ 10 ಲೀಟರ್ ನೀರಿಗೆ 25 ಗ್ರಾಂ ಜಿಂಕ್ ಸಲ್ಫೇಟ್ ಬೆರೆಸಿ ಸಿಂಪಡಿಸಿದೆವು. ಹಳೆ ಎಲೆ ಬದಲಾಗಲಿಲ್ಲ, ಆದರೆ ಆಮೇಲೆ ಬಿಚ್ಚಿದ ಎಲೆ ಹಸಿರಾಗಿತ್ತು. ಅದೇ ಸಾಲಿನಲ್ಲಿ ಒಂದು ಬುಡದ ಎಲೆಯಲ್ಲಿ ಮಾತ್ರ ತುಂಡು ಪಟ್ಟೆ ಇತ್ತು, ಹೊಸ ಎಲೆಯಲ್ಲೂ ಮತ್ತೆ ಬಂತು. ಅದನ್ನು ಕಿತ್ತರು.

ನಿಮ್ಮಲ್ಲಿ ಅಲ್ಲೊಂದು ಇಲ್ಲೊಂದು ಬುಡಕ್ಕೆ ಬಂದಿದೆ ಅಂದರೆ ನನಗೆ ಅನುಮಾನ ಕಟ್ಟೆಯ ಮೇಲೆಯೇ. ನೆಡಲು ತಂದ ಕಂದಿನಲ್ಲೇ ಬಂದಿರಬಹುದು. ಬಂದ ಮೇಲೆ ಅದನ್ನು ಹರಡುವುದು ಗಿಡಹೇನು. ಒಣಗಿ ಸಡಿಲವಾದ ಎಲೆ ಹೊದಿಕೆ ಬಿಡಿಸಿದರೆ ಕಂದು ಬಣ್ಣದ ಹೇನು ಸಿಗುತ್ತವೆ. ಅವು ಸ್ವಲ್ಪ ಹೊತ್ತು ರಸ ಹೀರಿದರೂ ವೈರಸ್ ಅಂಟುತ್ತದೆ, ಹಾಗಾಗಿ ಸುಮ್ನೆ ಔಷಧಿ ಹೊಡೆದರೆ ನಿಲ್ಲುವುದಿಲ್ಲ. ಗೀರು ಬಂದ ಕಂದನ್ನಷ್ಟೇ ಕತ್ತರಿಸಿದರೂ ಪ್ರಯೋಜನ ಇಲ್ಲ. ಗೆಡ್ಡೆಯೊಳಗೇ ವೈರಸ್ ಇರುತ್ತದೆ. ಇಡೀ ಬುಡ ಗೆಡ್ಡೆ ಸಮೇತ ಕಿತ್ತು, ತೋಟದಿಂದ ದೂರ ಒಯ್ದು ಸುಟ್ಟುಬಿಡಿ. ಹತ್ತಿರದ ಕೆಸುವಿನ ಗಿಡಗಳನ್ನೂ ತೆಗೆಯಿರಿ, ಅಲ್ಲೂ ಈ ಹೇನು ಸೇರಿಕೊಳ್ಳುತ್ತದೆ. ವೈರಸ್ ತಗುಲಿದ ಮೇಲೆ ಲಕ್ಷಣ ಕಾಣಲು 20 ದಿನದಿಂದ ಮೂರೂವರೆ ತಿಂಗಳಿಗೂ ಮೇಲೆ ಹಿಡಿಯಬಹುದು, ಅದಕ್ಕೆ ಸುತ್ತಲ ಬುಡಗಳನ್ನು ತಿಂಗಳಿಗೊಮ್ಮೆಯಾದರೂ ನೋಡುತ್ತಿರಿ.

ಖಾಲಿ ಗುಂಡಿಗೆ ನಿಮ್ಮದೇ ತೋಟದ ಕಂದು ಹಾಕಬೇಡಿ. ಬೀಜದಿಂದ ಈ ರೋಗ ಬರುವುದಿಲ್ಲ, ಆದ್ದರಿಂದ ಹಳೆ ತೋಟದಿಂದ ದೂರ ಬೆಳೆಸಿದ ಬೀಜದ ಸಸಿ ನೆಡಿ. ಕಟ್ಟೆ ತಡೆದುಕೊಳ್ಳುವ 'ವಿಜೇತ' ತಳಿ ಇದೆ, ಕೊಡಗಿನ ಅಪ್ಪಂಗಳದಲ್ಲಿರುವ ಸಂಬಾರ ಬೆಳೆ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿ.