ಕಂಸದೊಳಗಿನ 20, 30, 40

ಪ್ರಶ್ನೆ: ವಿರಾಜಪೇಟೆ ಸುತ್ತಮುತ್ತಲ 64 ಸಣ್ಣ ಕಾಫಿ ಬೆಳೆಗಾರರನ್ನು ನಾವು ಕೆಲವು ಯುವಕರು ಸೇರಿ ಕೇಳಿದೆವು: ‘ಈ ಮಳೆಗಾಲದಲ್ಲಿ ನಿಮ್ಮ ತೋಟದಲ್ಲಿ ನೂರಕ್ಕೆ ಎಷ್ಟು ಕಾಯಿ ಉದುರಿತು? (ಉದಾ: 20, 30, 40)’. ಹೆಚ್ಚಿನವರು 25ರಿಂದ 35 ಅಂದರು. ‘ಅಂಕಿಯನ್ನು ನೀವೇ ಬಾಯಿಗೆ ಹಾಕಿದ್ದೀರಿ’ ಎಂದು ಹಿರಿಯರೊಬ್ಬರು ಹೇಳುತ್ತಿದ್ದಾರೆ. ಹೌದೇ? ಇಷ್ಟೂ ಫಾರಂ ವ್ಯರ್ಥವೇ?
— ಓದುಗರು, ವಿರಾಜಪೇಟೆ

ಉತ್ತರ: ಹಿರಿಯರ ಅನುಮಾನಕ್ಕೆ ಬಲವಾದ ಆಧಾರವಿದೆ. ಆದರೆ ಉತ್ತರಗಳು 30ರ ಸುತ್ತ ಗುಂಪುಗೂಡಿದ್ದೇ ಸಾಕ್ಷಿಯಾಗದು. ನಿಜವಾಗಿಯೂ ಅಷ್ಟೇ ಉದುರಿದ್ದರೂ ಹಾಗೆಯೇ ಕಾಣುತ್ತಿತ್ತು.

ಇದೇ ಬೆಳೆಗಾರರನ್ನು ಮಳೆ ಎಷ್ಟಾಯಿತೆಂದು ಕೇಳಿ ನೋಡಿ. ಹಲವರು ಡೈರಿ ತೆರೆದು ಇಂಚು, ಇಂಚಿನ ನೂರನೇ ಒಂದು ಭಾಗವಾದ ಸೆಂಟ್ ಲೆಕ್ಕದಲ್ಲಿ ಓದಿ ಹೇಳುತ್ತಾರೆ. ನೀವು ಯಾವ ಉದಾಹರಣೆ ಕೊಟ್ಟರೂ ಅದು ಅಲುಗಾಡದು. ಉದುರಿದ ಕಾಯಿಗೆ ಅಂಥ ಡೈರಿ ಇಲ್ಲ. ಗಿಡದ ಬುಡದಲ್ಲಿ ಕಪ್ಪಗಾಗಿ ಬಿದ್ದದ್ದು ಕಣ್ಣಲ್ಲಿ ಉಳಿದಿದೆ, ಅದನ್ನು ನೂರರ ಲೆಕ್ಕಕ್ಕೆ ಅಲ್ಲೇ ನಿಂತು ತಿರುಗಿಸಬೇಕು. ಆಗ ಎದುರಿಗಿರುವ 30 ಎರಡು ಕೆಲಸ ಮಾಡುತ್ತದೆ. ‘ಇವರು ಹತ್ತು ತೋಟ ಸುತ್ತಿ ಬಂದವರು, ಸಾಮಾನ್ಯವಾಗಿ ಇಷ್ಟೇ ಇರಬೇಕು’ ಎಂದು ಬೆಳೆಗಾರ ಅದನ್ನು ಸುಳಿವಾಗಿ ತೆಗೆದುಕೊಳ್ಳುತ್ತಾರೆ. ಜೊತೆಗೆ ‘ನನ್ನದೂ 30 ಇದ್ದೀತೇ?’ ಎಂದು ತೂಗುವಾಗ, 30ಕ್ಕೆ ಹೊಂದುವ ಗಿಡಗಳೇ ಮೊದಲು ನೆನಪಿಗೆ ಬರುತ್ತವೆ. ಇದಕ್ಕೆ ಲಂಗರು ಪರಿಣಾಮ ಎನ್ನುತ್ತಾರೆ.

ಅಂಕಿಗೆ ಅರ್ಥವೇ ಇಲ್ಲದಿದ್ದಾಗಲೂ ಇದು ನಡೆಯುತ್ತದೆ. ಮನಶ್ಶಾಸ್ತ್ರಜ್ಞರಾದ ಟ್ವೆರ್‌ಸ್ಕಿ ಮತ್ತು ಕಾನ್‌ಮನ್ 1974ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಜನರ ಮುಂದೆ ಅಂಕಿಗಳಿದ್ದ ಒಂದು ಚಕ್ರ ತಿರುಗಿಸಿ, ವಿಶ್ವಸಂಸ್ಥೆಯ ಸದಸ್ಯರಲ್ಲಿ ಆಫ್ರಿಕಾದ ದೇಶಗಳು ಶೇಕಡ ಎಷ್ಟೆಂದು ಕೇಳಿದ್ದರು. ಉತ್ತರಗಳನ್ನು ಏರಿಕೆಯಲ್ಲಿ ಜೋಡಿಸಿದಾಗ, ಚಕ್ರ 10ರಲ್ಲಿ ನಿಂತದ್ದನ್ನು ಕಂಡವರಲ್ಲಿ ನಡುವಿಗೆ ಬಂದ ಉತ್ತರ 25, 65ರಲ್ಲಿ ನಿಂತದ್ದನ್ನು ಕಂಡವರಲ್ಲಿ 45. ನಿಮ್ಮ 20, 30, 40 ಚಕ್ರದಿಂದ ಬಂದ ಅಂಕಿಗಳಲ್ಲ, ತಿಳಿದವರು ಅಚ್ಚು ಹಾಕಿಸಿದ ಅಂಕಿಗಳು. ಹಾಗಾಗಿ ಅವುಗಳ ಸೆಳೆತ ಹೆಚ್ಚೇ ಇರಬಹುದು.

ನಿಮ್ಮಲ್ಲಿ ಎಷ್ಟು ಸೆಳೆಯಿತೆಂದು ಅಳೆಯಬಹುದು. ಇನ್ನೂ ಕೇಳಿರದ 40 ಮನೆಗಳಿಗೆ ಎರಡು ಬಗೆಯ ಫಾರಂ ಮಾಡಿಸಿ. ಒಂದರಲ್ಲಿ ‘ಉದಾ: 5, 10, 15’, ಇನ್ನೊಂದರಲ್ಲಿ ‘ಉದಾ: 45, 50, 55’. ಯಾರಿಗೆ ಯಾವುದೆಂದು ಹೊರಡುವ ಮೊದಲೇ ಚೀಟಿ ಎತ್ತಿ, ಹೋದವರು ಆರಿಸುವಂತಿರಬಾರದು. ಪ್ರತಿ ಗುಂಪಿನ 20 ಉತ್ತರಗಳನ್ನು ಏರಿಕೆಯಲ್ಲಿ ಜೋಡಿಸಿ, ನಡುವಿನ ಎರಡರ ಸರಾಸರಿಯನ್ನು ಆ ಗುಂಪಿನ ನಡುವಿನ ಉತ್ತರವೆಂದು ಹಿಡಿಯಿರಿ. ಮೊದಲ ಗುಂಪಿನದು 14, ಎರಡನೆಯದು 30 ಬಂತೆಂದು ಇಟ್ಟುಕೊಳ್ಳಿ. ಉತ್ತರಗಳ ಅಂತರ 16. ಉದಾಹರಣೆಗಳ ನಡುವಿನ ಅಂಕಿಗಳಾದ 10 ಮತ್ತು 50ರ ಅಂತರ 40. 16ನ್ನು 40ರಿಂದ ಭಾಗಿಸಿದರೆ 0.4. ಸೊನ್ನೆ ಬಂದರೆ ಸೆಳೆತವಿಲ್ಲ. 1 ಬಂದರೆ ಅಂಕಿ ಜರುಗಿದಷ್ಟೂ ಉತ್ತರ ಜರುಗಿದೆ. ಚಕ್ರದ ಪ್ರಯೋಗದಲ್ಲಿ ಇದೇ ಲೆಕ್ಕ ಸುಮಾರು 0.36. ಗುಂಪಿಗೆ 20 ಜನರಷ್ಟೇ ಇರುವುದರಿಂದ ಸಣ್ಣ ವ್ಯತ್ಯಾಸವನ್ನು ನಂಬಬೇಡಿ, ಆಕಸ್ಮಿಕವಾಗಿಯೂ ಬರಬಹುದು.

ಈ 0.4 ಹಿಡಿದು ಹಳೆಯ 64 ಉತ್ತರಗಳನ್ನು ತಿದ್ದಲು ಮಾತ್ರ ಹೋಗಬೇಡಿ. ಪ್ರತಿಯೊಬ್ಬರೂ ಒಂದೇ ಅಳತೆಯಲ್ಲಿ ಸೆಳೆಯಲ್ಪಟ್ಟಿರುವುದಿಲ್ಲ. ಅದೇ ಮನೆಗಳಿಗೆ ಮತ್ತೆ ಹೋಗಿ ಕೇಳಿದರೂ ಅಷ್ಟೇ: ಹಿಂದೆ ತಾವೇ ಹೇಳಿದ ಅಂಕಿ ಈಗ ಹೊಸ ಲಂಗರು. ಆ ಫಾರಂಗಳನ್ನು ಎಸೆಯದೆ, ಪ್ರಶ್ನೆಯ ಪದಗಳನ್ನು ಇದ್ದಂತೆಯೇ ಬರೆದು ಬೇರೆಯಾಗಿ ಇಡಿ, ಹೊಸ ಉತ್ತರಗಳ ಜೊತೆ ಸೇರಿಸಿ ಸರಾಸರಿ ತೆಗೆಯಬೇಡಿ.

ಮುಂದೆ ಕೇಳುವುದಾದರೆ ‘ಉದಾಹರಣೆ ನೋಡಿ ಮೋಸಹೋಗಬೇಡಿ’ ಎಂಬ ಎಚ್ಚರಿಕೆಯನ್ನು ನೆಚ್ಚಿಕೊಳ್ಳಬೇಡಿ. ಎಚ್ಚರಿಸಿದರೂ ಸೆಳೆತ ಪೂರ್ತಿ ಹೋಗುವುದಿಲ್ಲ. ಅಂಕಿಯನ್ನೇ ತೆಗೆದುಬಿಡಿ. ನೂರರ ಲೆಕ್ಕ ಅರ್ಥವಾಗದವರಿಗೆ ನಾನು ಮೆಚ್ಚುವ ದಾರಿ, ಜಗಲಿಯ ಮೇಲೆ ಹತ್ತು ಕಾಫಿ ಬೀಜ ಇಟ್ಟು, ‘ಇವು ಮಳೆಗಾಲಕ್ಕೆ ಮುಂಚೆ ಗಿಡದಲ್ಲಿದ್ದ ಕಾಯಿ ಅಂದುಕೊಳ್ಳಿ, ಉದುರಿದ್ದನ್ನು ಆಚೆ ಸರಿಸಿ’ ಎನ್ನುವುದು. ಹೇಗೆಂದು ತೋರಿಸಲು ಮೂರು ಬೀಜವನ್ನು ನೀವೇ ಸರಿಸಿದಿರೋ, ಮತ್ತೆ 30ನ್ನೇ ಕೊಟ್ಟಂತಾಯಿತು. ಅವರು ಯೋಚಿಸುವಾಗ ‘ಎರಡೋ ಮೂರೋ ಇರಬಹುದಾ?’ ಎಂದು ನಡುವೆ ಬಾಯಿ ಹಾಕಿದರೂ ಅದೇ ಕಥೆ. ಹತ್ತರ ಮೆಟ್ಟಿಲಿಗಿಂತ ಸೂಕ್ಷ್ಮವಾದ ಉತ್ತರ ಇದರಲ್ಲಿ ಸಿಗದು ನಿಜ, ಆದರೆ ಬಂದಷ್ಟು ಅವರದೇ.

ಪರಿಹಾರದ ಅರ್ಜಿಗೆ ಬಳಸುವ ಲೆಕ್ಕವಾದರೆ ಅಂದಾಜೇ ಸಾಲದು. ಮುಂದಿನ ಸಲ ಕೆಲವೇ ತೋಟಗಳಲ್ಲಿ, ಮಳೆ ಬಲಿಯುವ ಮೊದಲು ಗಿಡದ ಕೆಲವು ರೆಕ್ಕೆಗಳಿಗೆ, ಅಂದರೆ ಅಡ್ಡ ಕೊಂಬೆಗಳಿಗೆ, ದಾರ ಕಟ್ಟಿ ಕಾಯಿ ಎಣಿಸಿಟ್ಟು, ಮಳೆ ನಿಂತ ಮೇಲೆ ಅದೇ ರೆಕ್ಕೆಗಳನ್ನು ಮತ್ತೆ ಎಣಿಸಿ. ಆ ತೋಟಗಳ ಯಜಮಾನರಿಂದ, ಎಣಿಕೆ ಹೇಳುವ ಮುನ್ನ, ಬೀಜ ಸರಿಸುವ ಉತ್ತರವನ್ನೂ ಪಡೆಯಿರಿ. ಉಳಿದವರ ಅಂದಾಜು ಯಾವ ಕಡೆಗೆ, ಎಷ್ಟು ವಾಲುತ್ತದೆಂದು ಆಗ ತಿಳಿಯುತ್ತದೆ.